ಜೀನು ಕತ್ತರಿಸಿ ಪ್ರತಿಕಾಯ ಕಟ್ಟುವ ಬಗೆ

ಮನುಷ್ಯನಲ್ಲಿ ಪ್ರೋಟೀನುಗಳನ್ನು ರೂಪಿಸುವ ಜೀನುಗಳು ಸುಮಾರು 20,000. ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳೂ ಪ್ರೋಟೀನುಗಳೇ, ಆದರೆ ಅವುಗಳಲ್ಲಿ ಕೋಟಿಗಟ್ಟಲೆ ಬಗೆಗಳಿವೆ. ಒಂದು ಪ್ರತಿಕಾಯಕ್ಕೆ ಒಂದು ಜೀನು ಎಂದು ಲೆಕ್ಕ ಹಾಕಿದರೆ ಅದು ಎಲ್ಲೂ ಕೂಡಿಬರುವುದಿಲ್ಲ.

ಪ್ರತಿಕಾಯದ ಆಕಾರ ಕವೆಗೋಲಿನಂಥದು. ಎರಡು ಉದ್ದನೆಯ ಭಾರ ಸರಪಳಿಗಳು, ಎರಡು ಗಿಡ್ಡ ಹಗುರ ಸರಪಳಿಗಳು ಸೇರಿ ಅದು ಆಗುತ್ತದೆ. ಹಿಡಿಯ ಭಾಗ ಒಂದು ವರ್ಗದ ಪ್ರತಿಕಾಯಗಳಲ್ಲೆಲ್ಲ ಒಂದೇ ತೆರ. ಬದಲಾಗುವುದು ಎರಡು ಕವಲುಗಳ ತುದಿ. ಪ್ರತಿ ತುದಿಯಲ್ಲೂ ಭಾರ ಸರಪಳಿಯ ಮೂರು, ಹಗುರ ಸರಪಳಿಯ ಮೂರು, ಒಟ್ಟು ಆರು ಕುಣಿಕೆಗಳು ಒಂದೆಡೆ ಕೂಡುತ್ತವೆ. ರೋಗಾಣು ಅಂಟಿಕೊಳ್ಳುವುದು ಅಲ್ಲೇ.

ಒಂದೇ ಸರಪಳಿಯ ಒಂದು ತುದಿ ಇಷ್ಟು ಬದಲಾಗುತ್ತ, ಉಳಿದ ಭಾಗ ಹಾಗೆಯೇ ಉಳಿಯುವುದು ಹೇಗೆ? ಬದಲಾಗುವ ಭಾಗಕ್ಕೂ ಬದಲಾಗದ ಭಾಗಕ್ಕೂ ಬೇರೆ ಬೇರೆ ಜೀನುಗಳಿದ್ದು, ಅವು ಆಮೇಲೆ ಒಂದುಗೂಡುತ್ತವೆ ಎಂದು ಡ್ರೇಯರ್ ಮತ್ತು ಬೆನೆಟ್ 1965ರಲ್ಲಿ ಸೂಚಿಸಿದರು. ಜೀನುಗಳು ಹುಟ್ಟಿನಿಂದ ಸಾಯುವವರೆಗೆ ಕದಲುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲ ಅದು.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸುಸುಮು ಟೊನೆಗಾವಾ ಮತ್ತು ನೊಬುಮಿಚಿ ಹೊಜುಮಿ ಅದನ್ನು ಪರೀಕ್ಷೆಗೆ ಒಡ್ಡಿದರು. ಇಲಿಯ ಭ್ರೂಣದ ಡಿಎನ್‌ಎಯನ್ನೂ, ಪ್ರತಿಕಾಯ ತಯಾರಿಸುವ ಇಲಿಗಡ್ಡೆಯ ಡಿಎನ್‌ಎಯನ್ನೂ ಒಂದೇ ಕಿಣ್ವದಿಂದ ಕತ್ತರಿಸಿ, ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿದರು. ಹಗುರ ಸರಪಳಿಯ ಎರಡು ಭಾಗಗಳು ಯಾವ ತುಂಡಿನಲ್ಲಿವೆ ಎಂದು ಹುಡುಕಿದಾಗ, ಭ್ರೂಣದಲ್ಲಿ ಅವು ಎರಡು ಬೇರೆ ತುಂಡುಗಳಲ್ಲಿ ಸಿಕ್ಕವು. ಗಡ್ಡೆಯಲ್ಲಿ ಎರಡೂ ಒಂದೇ ತುಂಡಿನಲ್ಲಿದ್ದವು, ಅದರ ಗಾತ್ರವೂ ಬೇರೆ. ಅಂದರೆ ಜೀವಕೋಶ ಬೆಳೆಯುವಾಗ ನಡುವಿನ ಡಿಎನ್‌ಎ ಕಡಿದುಹೋಗಿ, ದೂರವಿದ್ದವು ಹತ್ತಿರ ಬಂದಿದ್ದವು. 1976ರಲ್ಲಿ ಪ್ರಕಟವಾದ ಈ ಕೆಲಸದ ಹಾದಿಯಲ್ಲೇ ಟೊನೆಗಾವಾ ಅವರಿಗೆ 1987ರ ನೊಬೆಲ್ ಬಂತು.

ಮನುಷ್ಯನ ಭಾರ ಸರಪಳಿಯ ಜೀನು 14ನೇ ಕ್ರೋಮೋಸೋಮಿನಲ್ಲಿದೆ. ಅಲ್ಲಿ ಸುಮಾರು 40 'ವಿ' ತುಣುಕುಗಳು, 23 'ಡಿ' ತುಣುಕುಗಳು, 6 'ಜೆ' ತುಣುಕುಗಳು ಸಾಲಾಗಿವೆ. ಅಸ್ಥಿಮಜ್ಜೆಯಲ್ಲಿ ಬೆಳೆಯುವ ಪ್ರತಿಯೊಂದು ಬಿ ಕೋಶವೂ ಮೊದಲು ಒಂದು ಡಿಯನ್ನು ಒಂದು ಜೆಗೆ, ಆಮೇಲೆ ಒಂದು ವಿಯನ್ನು ಅವುಗಳಿಗೆ ಬೆಸೆಯುತ್ತದೆ. ಹೀಗೆ ಸುಮಾರು 5,500 ಜೋಡಣೆಗಳು ಸಾಧ್ಯ. ಹಗುರ ಸರಪಳಿಯಲ್ಲಿ ಡಿ ಇಲ್ಲ, ಅಲ್ಲಿ ಸುಮಾರು 320 ಜೋಡಣೆಗಳು. ಎರಡನ್ನೂ ಗುಣಿಸಿದರೆ ಹದಿನೇಳೂವರೆ ಲಕ್ಷ ದಾಟುತ್ತದೆ.

ನಿಜವಾದ ವೈವಿಧ್ಯ ಇರುವುದು ಆಯ್ಕೆಯಲ್ಲಲ್ಲ, ಬೆಸುಗೆಯಲ್ಲಿ. ರ್‍ಯಾಗ್-1, ರ್‍ಯಾಗ್-2 ಎಂಬ ಎರಡು ಪ್ರೋಟೀನುಗಳು ಪ್ರತಿ ತುಣುಕಿನ ಅಂಚಿನ ಗುರುತು ಹಿಡಿದು ಡಿಎನ್‌ಎಯನ್ನು ಕತ್ತರಿಸುತ್ತವೆ. ಕತ್ತರಿಸಿದ ತುದಿಗಳಿಂದ ಕೆಲವು ಅಕ್ಷರಗಳು ಉದುರುತ್ತವೆ. ಟಿಡಿಟಿ ಎಂಬ ಕಿಣ್ವ ಯಾವ ಮಾದರಿಯನ್ನೂ ನೋಡದೆ ಹೊಸ ಅಕ್ಷರಗಳನ್ನು ಸೇರಿಸುತ್ತದೆ. ಈ ಬೆಸುಗೆಯ ಜಾಗವೇ ಮುಂದೆ ಮೂರನೆಯ ಕುಣಿಕೆಯಾಗಿ, ಅಂಟುವ ತಾಣದ ನಟ್ಟನಡುವೆ ಕೂರುತ್ತದೆ. ಇದನ್ನೂ ಸೇರಿಸಿದರೆ ಸಾಧ್ಯತೆಗಳು ಹತ್ತು ಸಾವಿರ ಕೋಟಿಯನ್ನು ಮೀರುತ್ತವೆ.

ಇದಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು. ಜೀನನ್ನು ಓದುವುದು ಮೂರು ಮೂರು ಅಕ್ಷರಗಳಾಗಿ. ಸೇರಿದ, ಉದುರಿದ ಅಕ್ಷರಗಳಿಂದ ಓದಿನ ಲಯ ತಪ್ಪಿದರೆ ಸರಪಳಿ ಕೆಲಸಕ್ಕೆ ಬಾರದು. ಸರಿಸುಮಾರು ಮೂರು ಬೆಸುಗೆಗಳಲ್ಲಿ ಎರಡು ಹೀಗೆ ಹಾಳಾಗುತ್ತವೆ. ಆಗ ಕೋಶ ಜೋಡಿಯ ಇನ್ನೊಂದು ಕ್ರೋಮೋಸೋಮಿನಲ್ಲಿ ಮತ್ತೆ ಪ್ರಯತ್ನಿಸುತ್ತದೆ, ಅಲ್ಲೂ ಸೋತರೆ ಸಾಯುತ್ತದೆ. ಸ್ವಂತ ದೇಹಕ್ಕೇ ಅಂಟುವ ಪ್ರತಿಕಾಯ ಹುಟ್ಟಿದರೆ ಹಗುರ ಸರಪಳಿಯನ್ನು ಬದಲಿಸಿ ನೋಡುತ್ತದೆ. ಕೆಲವೊಮ್ಮೆ 14ನೇ ಕ್ರೋಮೋಸೋಮಿನ ಕಡಿದ ತುದಿ 18ನೇ ಕ್ರೋಮೋಸೋಮಿನ ತುಂಡಿಗೆ ಬೆಸೆದುಕೊಂಡು, ಕೋಶವನ್ನು ಸಾಯಗೊಡದ ಜೀನೊಂದು ಸದಾ ಎಚ್ಚರವಿರುವಂತೆ ಆಗುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನ ಹೆಚ್ಚಿನ ರೋಗಿಗಳಲ್ಲಿ ಕಾಣುವುದು ಇದೇ.

ರ್‍ಯಾಗ್ ಜೀನೇ ಪೂರ್ತಿ ಕೆಟ್ಟಿದ್ದರೆ ಕತ್ತರಿಸುವ ಕೆಲಸ ನಡೆಯುವುದೇ ಇಲ್ಲ. ಟಿ ಕೋಶಗಳೂ ಇದೇ ವಿಧಾನವನ್ನು ನಂಬಿರುವುದರಿಂದ ಅಂಥ ಮಗುವಿಗೆ ಬಿ ಕೋಶವೂ ಇಲ್ಲ, ಟಿ ಕೋಶವೂ ಇಲ್ಲ. ಟಿ ಕೋಶಗಳು ಕಡಿದೆಸೆದ ಡಿಎನ್‌ಎ ಬಳೆಗಳು ನವಜಾತ ಶಿಶುವಿನ ರಕ್ತದಲ್ಲಿ ಇವೆಯೇ ಎಂದು ನೋಡಿ, ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿಯಲ್ಲೇ ಈ ಕೊರತೆಯನ್ನು ಪತ್ತೆ ಮಾಡಬಹುದು. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಲಿಂಫೋಸೈಟುಗಳ ಸಂಖ್ಯೆ ತೀರಾ ಕಡಿಮೆ ಇರುವುದೂ ಸುಳಿವು ಕೊಡುತ್ತದೆ. ಬೇಗ ತಿಳಿದರೆ ಅಸ್ಥಿಮಜ್ಜೆ ಕಸಿ ಮಗುವನ್ನು ಉಳಿಸಬಲ್ಲದು.

ನಮ್ಮಲ್ಲಿ ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಉಳಿದ ಮಕ್ಕಳಿಗೆ ಅದು ರಕ್ಷಣೆ, ಅವರಿಗೆ ಅದನ್ನು ತಪ್ಪಿಸಬಾರದು. ಇಂಥ ಮಗುವಿಗೆ ಮಾತ್ರ ಅದೇ ಅಪಾಯ. ಆದ್ದರಿಂದ ಕುಟುಂಬದಲ್ಲಿ ಹಿಂದೆ ಹಸುಗೂಸು ಸೋಂಕಿನಿಂದ ತೀರಿಕೊಂಡಿದ್ದರೆ, ಮುಂದಿನ ಮಗುವಿಗೆ ಲಸಿಕೆ ಹಾಕಿಸುವ ಮೊದಲೇ ವೈದ್ಯರಿಗೆ ತಿಳಿಸಿ.