ನಿಮಗಿದು ಗೊತ್ತೆ? ಕಂಪ್ಯೂಟರಿಗೆ 19.99 ರೂಪಾಯಿ ಸರಿಯಾಗಿ ಬರೆದಿಡಲು ಬರುವುದಿಲ್ಲ!

ಪೈಥಾನ್ ಭಾಷೆಯಲ್ಲಿ 19.99 ರೂಪಾಯಿಯನ್ನು ಪೈಸೆಗೆ ಬದಲಾಯಿಸಿ ನೋಡಿ:

```
>>> 19.99 * 100
1998.9999999999998
>>> int(19.99 * 100)
1998
```

1999 ಪೈಸೆ ಬರಬೇಕಿತ್ತು. ಒಂದು ಪೈಸೆ ಮಾಯ!

ಕಂಪ್ಯೂಟರ್ ಎಣಿಸುವುದು 0 ಮತ್ತು 1ರಲ್ಲಿ. ಒಂದನ್ನು ಮೂರರಿಂದ ಭಾಗಿಸಿದರೆ ನಮಗೆ 0.333 ಎಂದು ಮುಗಿಯದ ಸಾಲು ಸಿಗುತ್ತದಲ್ಲ, ಅದಕ್ಕೆ 19.99 ಕೂಡ ಹಾಗೆಯೇ. ಎಲ್ಲೋ ಒಂದು ಕಡೆ ಕತ್ತರಿಸಿ, ತೀರಾ ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಒಂದು ಬಿಲ್ಲಿನಲ್ಲಿ ಇದು ಕಣ್ಣಿಗೆ ಬೀಳದು. ಲಕ್ಷ ಬಿಲ್ಲುಗಳಲ್ಲಿ ಹೀಗೆ ಒಂದೊಂದೇ ಪೈಸೆ ತಪ್ಪಿದರೆ ಸಾವಿರ ರೂಪಾಯಿ ಲೆಕ್ಕಕ್ಕೆ ಸಿಗುವುದಿಲ್ಲ.

ಅದಕ್ಕೇ ಬಲ್ಲವರಲ್ಲಿ ಹಲವರು ಬಿಲ್ಲಿಂಗ್ ತಂತ್ರಾಂಶದಲ್ಲಿ ರೂಪಾಯಿಯನ್ನು ದಶಮಾಂಶದಲ್ಲಿ ಇಡುವುದೇ ಇಲ್ಲ. ಮೊದಲಿಂದಲೂ ಪೈಸೆಯ ಪೂರ್ಣ ಸಂಖ್ಯೆಯಲ್ಲೇ ಇಡುತ್ತಾರೆ. ಬೆಂಗಳೂರಿನ ಪಾವತಿ ಸಂಸ್ಥೆ ರೇಜರ್‌ಪೇಗೆ 500 ರೂಪಾಯಿ ಪಾವತಿ ಕೇಳಬೇಕಾದರೆ 50000 ಎಂದೇ ಕಳುಹಿಸಬೇಕು. ಚುಕ್ಕಿ ಬರುವುದು ಗ್ರಾಹಕರಿಗೆ ತೋರಿಸುವಾಗ ಮಾತ್ರ.

ಭಾಗಾಕಾರದಲ್ಲಿ ಮಾತ್ರ ಎಚ್ಚರ ಬೇಕು. 100 ರೂಪಾಯಿಯನ್ನು ಮೂವರಿಗೆ ಹಂಚಿದರೆ ತಲಾ 3333 ಪೈಸೆ, ಉಳಿಯುವುದು ಒಂದು. ಅದನ್ನು ಯಾರಾದರೊಬ್ಬರಿಗೆ ಸೇರಿಸಿ 3334 ಮಾಡಲೇಬೇಕು, ಇಲ್ಲದಿದ್ದರೆ ಮೊತ್ತ ಕೂಡದು.

ಎಲ್ಲ ದೇಶಕ್ಕೂ ನೂರರ ಲೆಕ್ಕ ಹೊಂದುವುದಿಲ್ಲ. ಕುವೈತಿನ ಒಂದು ದಿನಾರ್‌ಗೆ 1000 ಫಿಲ್ಸ್; ಜಪಾನಿನ ಯೆನ್‌ಗೆ ಈಗ ಚಿಲ್ಲರೆಯೇ ಇಲ್ಲ.