ತಾಟೆಯ ಮೂತಿಯ ಚುಕ್ಕಿಗಳು

ಮಲ್ಪೆ ಬಂದರಿನ ಹರಾಜಿನಲ್ಲಿ ತಾಟೆ, ಅಂದರೆ ಶಾರ್ಕ್ ಮೀನು, ಕಣ್ಣಿಗೆ ಬಿದ್ದರೆ ಅದರ ಮೂತಿಯನ್ನು ಬಗ್ಗಿ ನೋಡಿ. ಸೂಜಿಯಲ್ಲಿ ಚುಚ್ಚಿದಂತೆ ಕಪ್ಪು ಚುಕ್ಕಿಗಳಿರುತ್ತವೆ. ಹೆಬ್ಬೆರಳಿನಿಂದ ಒತ್ತಿದರೆ ತಿಳಿಯಾದ ಲೋಳೆ ಜಿನುಗುತ್ತದೆ. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಈ ಲೋಳೆಗೊಳವೆಗಳನ್ನು ವಿವರಿಸಿದ್ದ. ಅವು ಯಾತಕ್ಕೆ ಎಂಬುದು ತಿಳಿಯಲು ಸುಮಾರು ಮುನ್ನೂರು ವರ್ಷ ಹಿಡಿಯಿತು.

ಡಚ್ ವಿಜ್ಞಾನಿ ಕಾಲ್ಮೈನ್ 1971ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಲು ಇಷ್ಟ. ತೊಟ್ಟಿಯ ಮರಳಿನಡಿ ಒಂದು ಚಪ್ಪಟೆ ಮೀನನ್ನು ಹೂತರು. ಹಸಿದ ಪುಟ್ಟ ಶಾರ್ಕ್ ನೇರವಾಗಿ ಬಂದು ಅಗೆಯಿತು. ಮೀನನ್ನು ಅಗರ್ ಜೆಲ್ಲಿಯ ಗೂಡಿನಲ್ಲಿಟ್ಟು, ಅದರ ವಾಸನೆಯ ನೀರನ್ನು ಕೊಳವೆಯಿಂದ ದೂರಕ್ಕೆ ಹರಿಸಿದರು. ಆದರೂ ಶಾರ್ಕ್ ಬಂದದ್ದು ಮೀನಿದ್ದ ಜಾಗಕ್ಕೇ. ಗೂಡಿನ ಮೇಲೆ ವಿದ್ಯುತ್ ಹಾಯದ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದಾಗ ಮಾತ್ರ ಅದಕ್ಕೆ ಸುಳಿವೇ ಸಿಗಲಿಲ್ಲ. ಕೊನೆಗೆ ಮೀನನ್ನೇ ತೆಗೆದು, ಮರಳಿನಡಿ ವಿದ್ಯುತ್ ತಂತಿಯ ತುದಿಗಳನ್ನಿಟ್ಟು ಮೀನಿನ ದೇಹದಷ್ಟೇ ಕ್ಷೀಣ ವಿದ್ಯುತ್ ಹರಿಸಿದರು. ಶಾರ್ಕ್ ಆ ತುದಿಗಳನ್ನೇ ಅಗೆಯತೊಡಗಿತು!

ಈ ಇಂದ್ರಿಯದ ಹರವು ತೀರಾ ಹತ್ತಿರದ್ದು, ಹೆಚ್ಚೆಂದರೆ ಒಂದು ಮೊಳ ಆಚೀಚೆ. ಅದಕ್ಕೂ ದೂರದ್ದನ್ನು ಶಾರ್ಕ್ ಕಿವಿ, ಕಣ್ಣು, ಮೂಗುಗಳಿಂದ ತಿಳಿಯಬೇಕು. ಒಂದು ಹನಿ ರಕ್ತವನ್ನು ಮೈಲಿಗಟ್ಟಲೆ ದೂರದಿಂದ ಮೂಸುತ್ತದೆ ಎಂಬ ಮಾತು ಸುಳ್ಳು. ವಾಸನೆ ತಾನಾಗಿ ಹಾರಿಬರುವುದಿಲ್ಲ. ನೀರಿನ ಹರಿವು ಅದನ್ನು ಹೊತ್ತು ತರಬೇಕು, ಅಷ್ಟರಲ್ಲಿ ಆ ಹನಿ ಕಡಲಲ್ಲಿ ಕರಗಿಹೋಗಿರುತ್ತದೆ.

ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ ಎಂಬ ಭಯವನ್ನು 1975ರ ‘ಜಾಸ್’ ಸಿನಿಮಾ ಬಿತ್ತಿತು. ಅದರ ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಮುಂದೆ ಶಾರ್ಕ್‌ಗಳ ರಕ್ಷಣೆಗೇ ನಿಂತರು. ಫ್ಲಾರಿಡಾದಲ್ಲಿ ಇಡುವ ಜಾಗತಿಕ ದಾಖಲೆಯಂತೆ, ಕೆಣಕದೆ ಕಚ್ಚಿದ ಪ್ರಕರಣಗಳು ವರ್ಷಕ್ಕೆ ಸುಮಾರು 60ರಿಂದ 70. ಸಾವು ಆರರ ಆಸುಪಾಸು. ಎಷ್ಟೋ ಸಲ ಒಮ್ಮೆ ಕಚ್ಚಿ ಬಿಟ್ಟುಹೋಗುತ್ತದೆ. ಆದರೂ ದೊಡ್ಡ ಶಾರ್ಕಿನ ಒಂದೇ ಕಡಿತಕ್ಕೆ ರಕ್ತ ಸೋರಿ ಜೀವ ಹೋಗಬಹುದು. ಗೋಕರ್ಣ, ಮುರ್ಡೇಶ್ವರದ ಕಡಲಿಗಿಳಿಯುವವರು ಅಂಜಬೇಕಾದದ್ದು ದಡದಿಂದ ಒಳಕ್ಕೆಳೆಯುವ ನೀರಿನ ಸೆಳೆತಕ್ಕೆ.

ಮೀನುಗಾರರ ಪಾಡು ಬೇರೆ. ಬಲೆ, ಗಾಳ ಬಿಡಿಸುವಾಗ ಆಗುವ ಕಡಿತಗಳನ್ನು ಆ ದಾಖಲೆ ‘ಕೆಣಕಿದ’ ಪ್ರಕರಣಗಳೆಂದು ಬೇರೆ ಇಡುತ್ತದೆ. ಹಾಗಾಗಿ ಮೇಲಿನ ಲೆಕ್ಕದಲ್ಲಿ ಅವರ ಗಾಯಗಳಿಲ್ಲ. ಇದು ನನಗೆ ಸರಿಕಾಣುವುದಿಲ್ಲ. ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು, ನಮ್ಮ ಕಿವಿಯ ಹಾಗೆ ಬಾಗುವಂಥದ್ದು. ಬಾಲ ಹಿಡಿದೆತ್ತಿದರೆ ಎಷ್ಟೋ ಜಾತಿಯ ಶಾರ್ಕ್‌ಗಳು ಮೈ ತಿರುಚಿ ಆ ಕೈಗೇ ಬಾಯಿ ಹಾಕಬಲ್ಲವು. ಬೋಟಿನಲ್ಲಿ ಸತ್ತಂತೆ ಬಿದ್ದದ್ದೂ ಮುಟ್ಟಿದಾಗ ತಟ್ಟನೆ ದವಡೆ ಮುಚ್ಚೀತು. ಗಾಳ ನುಂಗಿದ ಶಾರ್ಕ್ ಸಿಕ್ಕಾಗ ಬಾಯೊಳಗೆ ಬೆರಳು ಹಾಕಬಾರದು. ಬೋಟಿಗೆ ಎತ್ತುವ ಮೊದಲೇ, ಆದಷ್ಟು ಗಾಳದ ಹತ್ತಿರಕ್ಕೆ ದಾರ ಕತ್ತರಿಸಿದರೆ ಕೈ ಉಳಿಯುತ್ತದೆ, ಮೀನೂ ಈಜಿಕೊಂಡು ಹೋಗುತ್ತದೆ.