ತಾರೀಖು ಹೇಳುವ ಮುನ್ನ

2017ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪನಿ ಏರ್‌ಪವರ್ ಎಂಬ ಚಾರ್ಜಿಂಗ್ ಹಲಗೆಯೊಂದನ್ನು ವೇದಿಕೆಯ ಮೇಲೆ ಪ್ರದರ್ಶಿಸಿತು. ಫೋನ್, ಕೈಗಡಿಯಾರ, ಇಯರ್‌ಫೋನಿನ ಡಬ್ಬಿ ಮೂರನ್ನೂ ಅದರ ಮೇಲೆ ಹೇಗೆಂದರೆ ಹಾಗೆ ಇಟ್ಟರೂ ಚಾರ್ಜ್ ಆಗುತ್ತದೆ, 2018ರಲ್ಲಿ ಮಾರುಕಟ್ಟೆಗೆ ಬರುತ್ತದೆ ಎಂದಿತು. 2018 ಮುಗಿದರೂ ಹಲಗೆ ಬರಲಿಲ್ಲ. 2019ರ ಮಾರ್ಚ್ 29ರಂದು, ಅದು ನಮ್ಮ ಗುಣಮಟ್ಟ ಮುಟ್ಟಲಾರದು ಎಂದು ಹೇಳಿ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಹೊಸ ವಸ್ತು ಮಾಡಹೊರಟವರು ಸೋಲುವುದು ಹೊಸದಲ್ಲ. ಆದರೆ ಯಾರಿಗೂ ಹೇಳದೆ ಸೋತಿದ್ದರೆ ಅದೊಂದು ಪ್ರಯೋಗವಾಗಿರುತ್ತಿತ್ತು. ವರ್ಷ ಹೇಳಿದ್ದರಿಂದ ಅದು ಮುರಿದ ಮಾತಾಯಿತು.

ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದೇ ಕಥೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತಲೇ ಇರುತ್ತದೆ. ಮುಂದೆ ಏನೇನು ಮಾಡುತ್ತೇವೆ ಎಂದು ತೋರಿಸುವ ಪಟಕ್ಕೆ ಅಲ್ಲಿ ರೋಡ್‌ಮ್ಯಾಪ್ ಎನ್ನುತ್ತಾರೆ. ಮೇಲ್ಗಡೆ ಜನವರಿ, ಫೆಬ್ರವರಿ ಎಂದು ತಿಂಗಳುಗಳು, ಕೆಳಗೆ ಬಣ್ಣಬಣ್ಣದ ಪಟ್ಟಿಗಳು. ನೋಡುವುದಕ್ಕೆ ಚೆಂದ. ತೊಂದರೆ ಏನೆಂದರೆ, ಫೆಬ್ರವರಿಯ ಪಟ್ಟಿಯೂ ನವೆಂಬರ್‌ನ ಪಟ್ಟಿಯೂ ಒಂದೇ ಗಟ್ಟಿತನದಿಂದ ಮಾತಾಡುತ್ತವೆ. ಮೊದಲನೆಯದರ ಬಗ್ಗೆ ತಂಡಕ್ಕೆ ಬಹಳಷ್ಟು ಗೊತ್ತು, ಎರಡನೆಯದು ಬರೀ ಊಹೆ. ಅಮೆರಿಕದ ಬ್ಯಾರಿ ಬೋಮ್ 1981ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಾಫ್ಟ್‌ವೇರ್ ಅಂದಾಜುಗಳ ಬಗ್ಗೆ ಒಂದು ಲೆಕ್ಕ ಕೊಟ್ಟಿದ್ದರು: ಆಲೋಚನೆಯ ಹಂತದಲ್ಲಿ ಮಾಡಿದ ಅಂದಾಜು ಕಾಲು ಭಾಗಕ್ಕೂ ಇಳಿಯಬಹುದು, ನಾಲ್ಕು ಪಟ್ಟಿಗೂ ಏರಬಹುದು. ಅಂದರೆ ‘ನಾಲ್ಕು ವಾರ ಸಾಕು’ ಎಂದದ್ದು ಒಂದೇ ವಾರದಲ್ಲೂ ಮುಗಿದೀತು, ಹದಿನಾರು ವಾರವೂ ಹಿಡಿದೀತು. ಏನು ಕಟ್ಟಬೇಕೆಂಬುದು ಸ್ಪಷ್ಟವಾದಷ್ಟೂ ಈ ಅಂತರ ಕಿರಿದಾಗುತ್ತದೆ.

ಇದಕ್ಕೆ ಒಂದು ಸರಳ ದಾರಿ ತೋರಿಸಿದವರು ಇಂಗ್ಲೆಂಡಿನ ಪ್ರಾಡ್‌ಪ್ಯಾಡ್ ಕಂಪನಿಯ ಸಹ ಸಂಸ್ಥಾಪಕಿ ಜಾನಾ ಬಾಸ್ಟೋ. ಅವರ ಕಂಪನಿ ಮಾಡುತ್ತಿದ್ದದ್ದೇ ರೋಡ್‌ಮ್ಯಾಪ್ ಬರೆಯುವ ಸಾಫ್ಟ್‌ವೇರನ್ನು. ಅದರ ಮೊದಲ ರೂಪದಲ್ಲೂ ತಿಂಗಳುಗಳ ಸಾಲೇ ಇತ್ತು. ಗ್ರಾಹಕರು ಕೇಳಿದ ಸೌಲಭ್ಯ ಮಾತ್ರ ವಿಚಿತ್ರವಾಗಿತ್ತು: ಹಲವು ಪಟ್ಟಿಗಳನ್ನು ಒಟ್ಟಿಗೆ ಹಿಡಿದು ಮುಂದಕ್ಕೆ ಎಳೆಯುವಂತಿರಬೇಕು! ಎಲ್ಲರ ಪಟವೂ ತಿಂಗಳು ತಿಂಗಳೂ ಜಾರುತ್ತಿದೆ ಎಂಬುದು ಅಲ್ಲಿಗೆ ಗೊತ್ತಾಯಿತು. 2012ರ ಸುಮಾರಿಗೆ ಅವರು ತಿಂಗಳುಗಳನ್ನು ತೆಗೆದುಹಾಕಿ ಮೂರೇ ಕಾಲಂ ಇಟ್ಟರು: ಈಗ, ಮುಂದೆ, ಆಮೇಲೆ. ಇಂದು ‘ನೌ, ನೆಕ್ಸ್ಟ್, ಲೇಟರ್’ ಎಂಬ ಹೆಸರಿನಲ್ಲಿ ಬೆಂಗಳೂರಿನ ತಂಡಗಳಿಗೂ ಅದು ಪರಿಚಿತ.

ಈ ಮೂರು ಕಾಲಂಗಳನ್ನು ‘ಈ ತಿಂಗಳು, ಮುಂದಿನ ತಿಂಗಳು, ಮುಂದಿನ ವರ್ಷ’ ಎಂದು ಓದಿದರೆ ಎಲ್ಲ ಕೆಟ್ಟಿತು. ಅವು ಅಳೆಯುವುದು ನಮಗೆ ಎಷ್ಟು ಗೊತ್ತಿದೆ ಎಂಬುದನ್ನು. ಒಂದು ಕಲ್ಪಿತ ತಂಡವನ್ನು ತೆಗೆದುಕೊಳ್ಳೋಣ. ಐದು ಜನ, ಖಾಸಗಿ ಶಾಲೆಗಳಿಗೆ ಶುಲ್ಕ ಕಟ್ಟುವ ಆ್ಯಪ್ ಮಾಡುತ್ತಾರೆ. ಈಗ ಫೆಬ್ರವರಿ. ಕೈಯಲ್ಲಿ ಮೂರು ತಲೆನೋವುಗಳಿವೆ.

ಮೊದಲನೆಯದು ‘ಈಗ’ ಕಾಲಂನಲ್ಲಿದೆ. ಅಪ್ಪನೊಬ್ಬ ರಾತ್ರಿ ಯುಪಿಐ ಮೂಲಕ ಶುಲ್ಕ ಕಟ್ಟುತ್ತಾನೆ. ಖಾತೆಯಿಂದ ಹಣ ಹೋಗಿದೆ, ಆ್ಯಪ್ ಮಾತ್ರ ‘ಪೆಂಡಿಂಗ್’ ಎನ್ನುತ್ತಿದೆ. ಗಾಬರಿಯಾಗಿ ಇನ್ನೊಮ್ಮೆ ಕಟ್ಟುತ್ತಾನೆ. ಮರುದಿನ ಬೆಳಿಗ್ಗೆ ಶಾಲೆಯ ಗುಮಾಸ್ತರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ತಂಡ ಇದರ ಬೆನ್ನುಹತ್ತಿ ಕಾರಣ ಹಿಡಿದಿದೆ: ಹಣ ಸಂದಾಯವಾಯಿತೆಂದು ಪೇಮೆಂಟ್ ಗೇಟ್‌ವೇ ಕಳಿಸುವ ಸಂದೇಶ ಕೆಲವೊಮ್ಮೆ ತಲುಪುವುದಿಲ್ಲ. ಸಂದೇಶಕ್ಕೆ ಕಾಯುತ್ತ ಕೂರದೆ ಆ್ಯಪ್ ತಾನಾಗಿ ಹೋಗಿ ‘ಏನಾಯಿತು’ ಎಂದು ವಿಚಾರಿಸಬೇಕು. ಸಮಸ್ಯೆ ಗೊತ್ತು, ಪರಿಹಾರ ಗೊತ್ತು, ಮಾಡುವವರು ಕುಳಿತಿದ್ದಾರೆ. ಹಾಗಾಗಿ ಈ ಕಾರ್ಡಿಗೆ ತಾರೀಖು ಕೊಡಲು ಭಯಪಡಬೇಕಿಲ್ಲ. ಎರಡು ವಾರ ಎಂದರೆ ಹೆಚ್ಚೆಂದರೆ ಮೂರು ವಾರ. ಕಾರ್ಡಿನ ಮೇಲೆ ಬರೆಯುವುದು ‘ಸ್ಟೇಟಸ್ ಚೆಕ್ ಸೇರಿಸುವುದು’ ಎಂದಲ್ಲ, ‘ಕಟ್ಟಿದ ಒಂದು ನಿಮಿಷದೊಳಗೆ ಪೋಷಕರಿಗೆ ರಸೀದಿ ಸಿಗಬೇಕು’ ಎಂದು. ಯಾಕೆಂದರೆ ಕೆಲಸ ಮುಗಿದ ಮೇಲೂ ರಸೀದಿ ತಡವಾಗುತ್ತಿದ್ದರೆ ಆ ಕಾರ್ಡ್ ಅಲ್ಲಿಂದ ಏಳಬಾರದು.

ಎರಡನೆಯದು ‘ಮುಂದೆ’ಯಲ್ಲಿದೆ. ದಿನದ ಕೊನೆಗೆ ಗುಮಾಸ್ತರು ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಶುಲ್ಕದ ರಿಜಿಸ್ಟರನ್ನೂ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡುತ್ತಾರೆ. ಇದು ನಿಜವಾದ ಕಷ್ಟ ಎಂಬುದರಲ್ಲಿ ಅನುಮಾನವಿಲ್ಲ. ಪರಿಹಾರದ ದಾರಿ ಮಾತ್ರ ಎರಡಿದೆ. ಸ್ಟೇಟ್‌ಮೆಂಟ್ ಫೈಲನ್ನು ಆ್ಯಪ್ ತಾನೇ ಓದಿಕೊಳ್ಳಬಹುದು. ಇಲ್ಲವೇ, ಪ್ರತಿ ವಿದ್ಯಾರ್ಥಿಗೂ ಬ್ಯಾಂಕಿನಿಂದ ಪ್ರತ್ಯೇಕ ವರ್ಚುವಲ್ ಖಾತೆ ಸಂಖ್ಯೆ ಪಡೆಯಬಹುದು. ಆಗ ಹಣ ಬರುವಾಗಲೇ ಯಾರದೆಂದು ತಿಳಿಯುತ್ತದೆ. ಎರಡನೆಯ ದಾರಿ ಬ್ಯಾಂಕಿನ ಒಪ್ಪಿಗೆಯ ಮೇಲೆ ನಿಂತಿದೆ. ಬ್ಯಾಂಕು ಯಾವಾಗ ಉತ್ತರ ಕೊಡುತ್ತದೆ ಎಂಬುದಕ್ಕೆ ತಂಡದ ಬಳಿ ಯಾವ ಅಳತೆಗೋಲೂ ಇಲ್ಲ. ಹೀಗಿರುವಾಗ ‘ಮೇ 15ಕ್ಕೆ ಕೊಡುತ್ತೇವೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುತ್ತಿದ್ದಾರೆ. ಕೇಳಿದವರ ಪಾಲಿಗೆ ಎರಡೂ ಒಂದೇ.

ಮೂರನೆಯದು ‘ಆಮೇಲೆ’. ಒಮ್ಮೆಗೇ ಪೂರ್ತಿ ಶುಲ್ಕ ಕಟ್ಟಲಾಗದ ಪೋಷಕರಿಗೆ ಏನು ಮಾಡಬಹುದು? ಕಂತು ಕೊಡಬೇಕೇ, ಸಾಲ ಕೊಡುವವರ ಜೊತೆ ಕೈಜೋಡಿಸಬೇಕೇ, ಅಥವಾ ಅದು ಆ್ಯಪ್ ತಲೆಹಾಕಬಾರದ ವಿಷಯವೇ? ಇಲ್ಲಿ ಇರುವುದು ಪ್ರಶ್ನೆ ಮಾತ್ರ. ಒಂದು ಸಾಲಿಗಿಂತ ಹೆಚ್ಚು ಬರೆಯುವ ಅಗತ್ಯವಿಲ್ಲ, ಬರೆದರೆ ಅದು ಯೋಜನೆಯಂತೆ ಕಾಣತೊಡಗುತ್ತದೆ. ಎಂದೂ ಮಾಡದೆಯೂ ಇರಬಹುದು ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಈಗ ನಿಜವಾದ ಪರೀಕ್ಷೆ. ಹನ್ನೆರಡು ಶಾಖೆಗಳ ಶಿಕ್ಷಣ ಸಂಸ್ಥೆಯೊಂದು ಗ್ರಾಹಕನಾಗಲು ಸಿದ್ಧವಿದೆ. ಮಾರಾಟ ವಿಭಾಗದವರು ಬಂದು ಕೇಳುತ್ತಾರೆ: “ಸರ್, ಬ್ಯಾಂಕ್ ತಾಳೆ ನೋಡೋ ಫೀಚರ್ ಯಾವತ್ತು ಬರುತ್ತೆ? ಅವರ ಟ್ರಸ್ಟಿಗಳು ತಾರೀಖು ಕೇಳ್ತಿದ್ದಾರೆ.” ಮೂರು ಕಾಲಂ ಹಾಕಿಕೊಂಡ ಬಹಳ ತಂಡಗಳು ಎಡವುವುದು ಇಲ್ಲೇ. “ನಾವು ತಾರೀಖು ಹೇಳುವುದಿಲ್ಲ” ಎಂದುಬಿಡುತ್ತಾರೆ. ಕೇಳಿದವರಿಗೆ ಅದು ಉಡಾಫೆಯಾಗಿ ಕಾಣುತ್ತದೆ, ಕಾಣಲೂಬೇಕು. ತಂಡದ ಮುಖ್ಯಸ್ಥೆ ಬೇರೆ ಉತ್ತರ ಕೊಡಬಹುದು: “ರಸೀದಿ ಕೆಲಸ ಮುಗಿದ ತಕ್ಷಣ ಇದನ್ನೇ ಹಿಡಿತೀವಿ. ಮಾರ್ಚ್‌ನಲ್ಲಿ ಮೂರು ಶಾಲೆಗಳ ಗುಮಾಸ್ತರ ಜೊತೆ ಕೂತ್ಕೋತೀವಿ, ಎರಡು ಬ್ಯಾಂಕಿನವರ ಹತ್ರ ಮಾತಾಡ್ತೀವಿ. ಏಪ್ರಿಲ್ 10ಕ್ಕೆ ಯಾವ ದಾರಿ ಅಂತ ತೀರ್ಮಾನ ಆಗಿರುತ್ತೆ. ಫೀಚರ್ ತಾರೀಖನ್ನ ಅವತ್ತು ಹೇಳ್ತೀನಿ.” ಏಪ್ರಿಲ್ 10 ತಂಡದ ಕೈಯಲ್ಲಿರುವ ದಿನ. ಅಷ್ಟರೊಳಗೆ ಬ್ಯಾಂಕು ಬಾಯಿ ಬಿಡದಿದ್ದರೆ ಸ್ಟೇಟ್‌ಮೆಂಟ್ ಓದುವ ದಾರಿಯೇ ಗತಿ ಎಂದು ತೀರ್ಮಾನಿಸುವುದಕ್ಕೂ ಯಾರ ಅಪ್ಪಣೆ ಬೇಕಿಲ್ಲ. ಹಾಗಾಗಿ ಆ ಮಾತು ಉಳಿಯುತ್ತದೆ.

ಅವರು ಇನ್ನೊಂದು ಪ್ರಶ್ನೆಯನ್ನೂ ತಿರುಗಿ ಕೇಳಬೇಕು: ಟ್ರಸ್ಟಿಗಳಿಗೆ ತಾರೀಖು ಯಾಕೆ ಬೇಕು? ವಿಚಾರಿಸಿದರೆ, ಜೂನ್ ಹೊತ್ತಿಗೆ ಶಾಲೆ ಶುರುವಾಗಿ ಶುಲ್ಕದ ನೂಕುನುಗ್ಗಲು ಬರುತ್ತದೆ, ಅದಕ್ಕೆ ಮೊದಲು ಏನಾದರೂ ಕೈಗೆ ಸಿಗಲಿ ಎಂಬುದಷ್ಟೇ ಅವರ ಚಿಂತೆ. ಹಾಗಿದ್ದರೆ ಪೂರ್ತಿ ಫೀಚರ್ ಬೇಡ. ದಿನದ ಪಾವತಿಗಳೆಲ್ಲ ಯುಟಿಆರ್ ಸಂಖ್ಯೆ ಸಮೇತ ಒಂದು ಎಕ್ಸೆಲ್ ಫೈಲಿನಲ್ಲಿ ಇಳಿದರೆ ಗುಮಾಸ್ತರು ಹೆಸರು ಹುಡುಕುವ ಬದಲು ಸಂಖ್ಯೆ ಹೋಲಿಸಬಹುದು. ಇದನ್ನು ಮೇ ತಿಂಗಳಲ್ಲೇ ಕೊಡುತ್ತೇವೆ ಎಂದು ಧೈರ್ಯವಾಗಿ ಹೇಳಬಹುದು. ದಿನ ಅಲುಗಾಡುವಂತಿಲ್ಲದಿದ್ದರೆ ಕೆಲಸದ ಗಾತ್ರ ಅಲುಗಾಡಬೇಕು. ಎರಡನ್ನೂ ಒಟ್ಟಿಗೆ ಬಿಗಿದುಕೊಂಡವರು ಕೊನೆಗೆ ಗುಣಮಟ್ಟವನ್ನು ಬಲಿಕೊಡುತ್ತಾರೆ.

ಅಲುಗದ ದಿನಗಳು ಇದ್ದೇ ಇವೆ. ಆನ್‌ಲೈನ್ ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಬಳಸಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2022ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಅಂಥದ್ದನ್ನು ‘ಆಮೇಲೆ’ಗೆ ಹಾಕಿ ಕೂರಲಾಗದು. ಕಾರ್ಡಿನ ಮೇಲೆ ಕೆಂಪಕ್ಷರದಲ್ಲಿ ದಿನ ಬರೆದು, ಹಿಂದಿನಿಂದ ಲೆಕ್ಕ ಹಾಕಿಕೊಂಡು ಕೆಲಸ ಶುರುಮಾಡಬೇಕು. (ತಮಾಷೆಯೆಂದರೆ ಆ ಗಡುವೂ 2021ರ ಡಿಸೆಂಬರ್ ಕೊನೆಯಿಂದ 2022ರ ಜೂನ್‌ಗೆ, ಅಲ್ಲಿಂದ ಸೆಪ್ಟೆಂಬರ್‌ಗೆ ಸರಿದಿತ್ತು.) ಹೊರಗಿನವರು ಹೇರಿದ ದಿನ ಬೇರೆ, ಸಭೆಯಲ್ಲಿ ಯಾರೋ ಕೇಳಿದರೆಂದು ನಾವೇ ಬಾಯಿಗೆ ಬಂದಂತೆ ಹೇಳಿದ ದಿನ ಬೇರೆ. ಹಳೆಯ ತಿಂಗಳುವಾರು ಪಟವಿರುವ ತಂಡ ಈ ಪದ್ಧತಿಗೆ ಬರುವಾಗ ಮೊದಲು ಮಾಡಬೇಕಾದದ್ದು ಈ ವಿಂಗಡಣೆಯನ್ನೇ: ಪ್ರತಿ ಸಾಲಿನ ಮುಂದೆ ‘ಈ ತಾರೀಖು ಇಟ್ಟವರು ಯಾರು, ಯಾಕೆ’ ಎಂದು ಬರೆಯುವುದು. ಉತ್ತರ ಸಿಗದ ಸಾಲುಗಳ ತಾರೀಖನ್ನು ನಿಶ್ಚಿಂತೆಯಿಂದ ಅಳಿಸಬಹುದು.

ಪಟ ಹದಗೆಡುತ್ತಿದೆ ಎಂಬುದನ್ನು ಅದರ ಆಕಾರ ನೋಡಿಯೇ ಹೇಳಬಹುದು. ಐದು ಜನರ ತಂಡದ ‘ಈಗ’ ಕಾಲಂನಲ್ಲಿ ಒಂಬತ್ತು ಕಾರ್ಡುಗಳಿದ್ದರೆ ಅಲ್ಲಿ ಯಾರೂ ‘ಆಗುವುದಿಲ್ಲ’ ಎಂದಿಲ್ಲ ಎಂದರ್ಥ. ಎಲ್ಲವೂ ಅರ್ಧರ್ಧ ನಡೆದು ವಾರಗಟ್ಟಲೆ ಒಂದೂ ಹೊರಬೀಳುವುದಿಲ್ಲ. ಎರಡು ಅಥವಾ ಮೂರು ಎಂದು ಮಿತಿ ಹಾಕಿ, ಒಂದು ಹೊರಗೆ ಹೋದ ಮೇಲೆಯೇ ಇನ್ನೊಂದು ಒಳಗೆ ಎಂದರೆ ಸರಿಹೋಗುತ್ತದೆ. ‘ಮುಂದೆ’ ಕಾಲಂನಲ್ಲಿ ಕೆಡುಕಿನ ಗುರುತು ಬೇರೆ: ಕಾರ್ಡುಗಳ ಪಕ್ಕ ಯಾರೋ ಸಣ್ಣಕ್ಷರದಲ್ಲಿ ‘ಜುಲೈ?’ ಎಂದು ಬರೆದಿರುತ್ತಾರೆ. ಒಂದು ವಾರದಲ್ಲಿ ಆ ಪ್ರಶ್ನಾರ್ಥಕ ಚಿಹ್ನೆ ಉದುರಿಹೋಗುತ್ತದೆ. ಇನ್ನು ‘ಆಮೇಲೆ’ ಎಂಬುದು ಮನೆಯ ಅಟ್ಟವಾಗಿಬಿಡುತ್ತದೆ, ಎಸೆಯಲು ಮನಸ್ಸಿಲ್ಲದ್ದೆಲ್ಲ ಅಲ್ಲಿಗೆ. ವರ್ಷದಿಂದ ಯಾರೂ ಕೇಳದ ಕಾರ್ಡನ್ನು ತೆಗೆದುಬಿಡುವುದು ಒಳ್ಳೆಯದು. ಅದು ನಿಜಕ್ಕೂ ಬೇಕಾದದ್ದಾದರೆ ಯಾರಾದರೂ ಬಂದು ಮತ್ತೆ ಕೇಳುತ್ತಾರೆ.

ಈ ಪದ್ಧತಿ ಎಲ್ಲೆಡೆ ಒಗ್ಗುವುದಿಲ್ಲ. ಅಚ್ಚು ಹಾಕಿಸಿ ಕಾರ್ಖಾನೆಯಲ್ಲಿ ಸಮಯ ಕಾದಿರಿಸಬೇಕಾದ ವಸ್ತುಗಳಿಗೆ ಒಂದು ಹಂತದ ಮೇಲೆ ತಾರೀಖು ಬೇಕೇಬೇಕು. ಇಂತಿಂಥದ್ದು ಇಂಥ ದಿನಕ್ಕೆ ಎಂದು ಗುತ್ತಿಗೆ ಬರೆದುಕೊಟ್ಟ ಸೇವಾ ಕಂಪನಿಗೂ ಮೂರು ಕಾಲಂ ತೋರಿಸುವ ಸ್ವಾತಂತ್ರ್ಯವಿರುವುದಿಲ್ಲ. ನನಗೆ ಇದಕ್ಕಿಂತ ದೊಡ್ಡದೆನಿಸುವ ಅಪಾಯ ಇನ್ನೊಂದಿದೆ: ದಿನ ಹೇಳದಿರುವುದು ಸೋಮಾರಿತನಕ್ಕೂ ಒಳ್ಳೆಯ ಮರೆ. ಅದಕ್ಕೇ ತಂಡಕ್ಕೆ ಎರಡು ಷರತ್ತು ಹಾಕುವುದು ನ್ಯಾಯ. ‘ಈಗ’ ಕಾಲಂನ ಒಳಗೆ ವಾರವಾರದ ಯೋಜನೆ ಇರಬೇಕು, ಕೇಳಿದವರಿಗೆ ತೋರಿಸಬೇಕು. ತಿಂಗಳಿಗೊಮ್ಮೆ ಮಾರಾಟದವರನ್ನೂ ಗ್ರಾಹಕ ಸೇವೆಯವರನ್ನೂ ಕೂರಿಸಿಕೊಂಡು, ಏನು ಮುಗಿಯಿತು, ಯಾವುದು ಎಡಕ್ಕೆ ಸರಿಯಿತು, ಯಾವುದನ್ನು ಯಾಕೆ ಕೈಬಿಟ್ಟೆವು ಎಂದು ಹೇಳಬೇಕು. ಎರಡು ಸಭೆ ಕಳೆದರೂ ಪಟದಲ್ಲಿ ಒಂದು ಕಾರ್ಡೂ ಜಾಗ ಬಿಟ್ಟು ಕದಲಿಲ್ಲವೆಂದರೆ, ತಾರೀಖು ಕೇಳುವ ಹಕ್ಕು ಮಾರಾಟದವರಿಗೆ ವಾಪಸು ಬಂತು ಎಂದೇ ತಿಳಿಯಬೇಕು.